‘ಮೇಲೆ’ ಅಂದರೆ ಯಾವ ಕಡೆ? ಕಾಸರಗೋಡಿನ ಅಂಗಳದಲ್ಲಿ ದಿಕ್ಕಿನ ಮಾತು ಹೊರಡಿಸುವ ಒಂದು ಆಟ

ಬಾಯಾರು ಕಡೆಯ ಒಂದು ತೋಟದ ಮನೆಯ ಜಗಲಿಯಲ್ಲಿ ಅತ್ತಿಗೆ ನಾದಿನಿ ಇಬ್ಬರನ್ನು ಕೂರಿಸಿ ಚಿತ್ರ ಹೊಂದಿಸುವ ಆಟ ಆಡಿಸುತ್ತಿದ್ದೆ. ಒಬ್ಬರ ಕೈಯಲ್ಲಿ ಫೋಟೊ: ಒಬ್ಬ ಗೊಂಬೆ ಮನುಷ್ಯ, ಅವನ ಪಕ್ಕದಲ್ಲಿ ಒಂದು ಗೊಂಬೆ ಮರ. ಫೋಟೊ ನೋಡಿಕೊಂಡು ನಾದಿನಿ ಹೇಳಿದರು, “ಮರ ಮೇಲೆ ಉಂಟು ಅತ್ತಿಗೆ, ಮನುಷ್ಯ ಕೆಳಗೆ.” ಪರದೆಯ ಆಚೆ ಕೂತಿದ್ದ ಅತ್ತಿಗೆ ತಡಮಾಡದೆ ಒಂದು ಫೋಟೊ ಎತ್ತಿ ಬದಿಗಿಟ್ಟರು. ನಾನು ಪುಸ್ತಕದಲ್ಲಿ ‘ತಪ್ಪು’ ಎಂದು ಬರೆದೆ. ನನ್ನ ಲೆಕ್ಕದಲ್ಲಿ ‘ಮೇಲೆ’ ಅಂದರೆ ಫೋಟೊದ ಮೇಲ್ತುದಿ. ಅವರು ಎತ್ತಿದ್ದರಲ್ಲಿ ಮರ ಬಲಬದಿಯಲ್ಲಿತ್ತು.

ಸಂಜೆ ನೋಡಿದರೆ ಇಬ್ಬರ ಫೋಟೊವೂ ಒಂದೇ. ತಪ್ಪಿದ್ದು ನಾನು. ಅವರು ಮೂಡು ಮುಖವಾಗಿ ಕೂತಿದ್ದರು, ಮನೆಯ ತೆಂಕಿಗೆ ಗುಡ್ಡೆ, ಬಡಗಿಗೆ ಇಳಿಜಾರಿನಲ್ಲಿ ತೋಟ ಮತ್ತು ತೋಡು. ಅವರ ‘ಮೇಲೆ’ ಗುಡ್ಡೆಯ ಕಡೆ. ಅಂದರೆ ಫೋಟೊದ ಬಲ.

ಆ ಒಂದು ತಪ್ಪಿನಿಂದಾಗಿ ನಾನು ಕೂರಿಸುವ ಕ್ರಮವನ್ನೇ ಬದಲಾಯಿಸಬೇಕಾಯಿತು. ಕಾಸರಗೋಡಿನಂಥ ನೆಲದಲ್ಲಿ ಇಂಥ ಆಟವನ್ನು ಹೇಗೆ ಸಜ್ಜುಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೂ, ಸ್ವಂತ ಊರಿನ ಮಾತು ದಾಖಲಿಸುವ ಉಮೇದು ಇರುವವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ಮೂರು ದಾರಿ

ಒಂದು ವಸ್ತು ಎಲ್ಲಿದೆ ಎಂದು ಹೇಳಲು ಮೂರು ಆಸರೆಗಳಿವೆ. ಹೇಳುವವರ ಮೈಯನ್ನು ಆಸರೆ ಮಾಡಿಕೊಂಡರೆ ‘ಮರದ ಎಡಕ್ಕೆ’ ಎನ್ನುತ್ತೇವೆ. ಇದು ಸಾಪೇಕ್ಷ ಕ್ರಮ. ನಾನು ಸುತ್ತು ಹಾಕಿ ಆಚೆ ಬದಿಗೆ ಹೋದರೆ ಎಡ ಇದ್ದದ್ದು ಬಲವಾಗುತ್ತದೆ. ನೆಲದಲ್ಲಿ ನಿಶ್ಚಿತವಾಗಿರುವ ದಿಕ್ಕನ್ನು ಆಸರೆ ಮಾಡಿಕೊಂಡರೆ ‘ಮರದ ಬಡಗಿಗೆ’. ಇದು ನಿರಪೇಕ್ಷ ಕ್ರಮ. ನಾನು ಎಲ್ಲಿ ನಿಂತರೂ ಬಡಗು ಬಡಗೇ. ಮೂರನೆಯದು, ಆ ವಸ್ತುವಿಗೇ ಇರುವ ಮುಖ, ಬೆನ್ನು, ಕೈಗಳನ್ನು ಹಿಡಿಯುವುದು: ‘ಅವನ ಬೆನ್ನ ಹಿಂದೆ’, ‘ಅವನ ಎಡಗೈ ಹತ್ತಿರ’. ಇದನ್ನು ವಸ್ತುಮೂಲ ಕ್ರಮ ಎನ್ನೋಣ.

ಇವುಗಳಲ್ಲಿ ನಿರಪೇಕ್ಷ ಕ್ರಮವನ್ನೇ ಹೆಚ್ಚಾಗಿ ನೆಚ್ಚಿ ಬದುಕುವ ಭಾಷೆಗಳೂ ಇವೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಗೂಗು ಯಿಮಿತಿರ್ ಭಾಷೆಯವರು ಮೇಜಿನ ಮೇಲಿನ ಸಣ್ಣ ವಸ್ತುಗಳಿಗೂ ದಿಕ್ಕನ್ನೇ ಹೇಳುತ್ತಾರೆ. ಮೆಕ್ಸಿಕೊದ ಟೆನೆಹಾಪದಲ್ಲಿ ತ್ಸೆಲ್ತಾಲ್ ಆಡುವವರು ಇಳಿಜಾರನ್ನು ಹಿಡಿದು ‘ಏರುಬದಿ’, ‘ಇಳಿಬದಿ’ ಎನ್ನುತ್ತಾರೆ. ಅದು ಅಲ್ಲಿ ಸುಮಾರಾಗಿ ತೆಂಕು ಬಡಗು. ಸಮತಟ್ಟಾದ ನೆಲದಲ್ಲಿ ಕೂತಾಗಲೂ ಅವರ ಮಾತು ಹಾಗೆಯೇ. ನೆದರ್‌ಲ್ಯಾಂಡ್ಸಿನ ನೈಮೆಗೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸ್ಟೀಫನ್ ಲೆವಿನ್ಸನ್ ಮತ್ತು ಜೊತೆಗಾರರು ಇದನ್ನು ಹತ್ತಾರು ಭಾಷೆಗಳಲ್ಲಿ ನೋಡುವುದಕ್ಕೆ 1990ರ ದಶಕದ ಆರಂಭದಲ್ಲಿ ‘ಮನುಷ್ಯ ಮತ್ತು ಮರ’ ಎಂಬ ಫೋಟೊ ಆಟ ರೂಪಿಸಿದರು. ನನ್ನದು ಅದರ ಮನೆಮಟ್ಟದ ರೂಪ. ನಮಗೆ ಹತ್ತಿರದ ಉದಾಹರಣೆ ತಮಿಳು. ಮಧುರೈ ಕಡೆ ಕೆಲಸ ಮಾಡಿದ ಎರಿಕ್ ಪೆಡರ್ಸನ್ ಕಂಡದ್ದು, ಹಳ್ಳಿಯ ತಮಿಳರು ದಿಕ್ಕಿನ ಮಾತಿಗೆ ಹೆಚ್ಚು ಒಲಿದರೆ ಪೇಟೆಯವರು ಎಡಬಲಕ್ಕೆ ಒಲಿಯುತ್ತಾರೆ ಎಂದು. ಭಾಷೆ ಒಂದೇ, ಒಲವು ಎರಡು. ಹಾಗಾಗಿ ‘ಕನ್ನಡದಲ್ಲಿ ಹೀಗೆ’ ಎಂದು ಬರೆಯುವ ಮೊದಲು ಯಾರ ಕನ್ನಡ, ಯಾವ ಊರಿನದು ಎಂದು ಕೇಳಬೇಕು.

ಪದ ಗೊತ್ತಿರುವುದು ಬೇರೆ, ಬಳಸುವುದು ಬೇರೆ

ಕಾಸರಗೋಡಿನಲ್ಲಿ ದಿಕ್ಕಿನ ಪದಗಳಿಗೆ ಬರವಿಲ್ಲ. ಕನ್ನಡದಲ್ಲಿ ಮೂಡು, ಪಡು, ತೆಂಕು, ಬಡಗು. ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿ. ಮನೆಯ ಹೆಸರುಗಳಲ್ಲಿ ಮೂಡು ಪಡು, ಯಕ್ಷಗಾನದಲ್ಲಿ ತೆಂಕುತಿಟ್ಟು ಬಡಗುತಿಟ್ಟು. ಉಣ್ಣುವಾಗ ಯಾವ ಕಡೆ ಮುಖ, ಮಲಗುವಾಗ ಯಾವ ಕಡೆ ತಲೆ ಎಂಬುದಕ್ಕೂ ದಿಕ್ಕು ಬೇಕು. ಇದನ್ನೆಲ್ಲ ಪಟ್ಟಿ ಮಾಡಿ ‘ಇಲ್ಲಿಯವರದು ನಿರಪೇಕ್ಷ ಕ್ರಮ’ ಎಂದು ತೀರ್ಮಾನಿಸಿದವರನ್ನು ಕಂಡಿದ್ದೇನೆ. ಅದು ಆತುರ. ವಾಸ್ತು, ಶಾಸ್ತ್ರ, ಊರ ಹೆಸರುಗಳಲ್ಲಿ ಪದ ಇದ್ದ ಮಾತ್ರಕ್ಕೆ ಜಗಲಿಯ ಮೇಲಿನ ಚೊಂಬನ್ನು ತೋರಿಸುವಾಗ ಅದೇ ಪದ ಬರಬೇಕೆಂದಿಲ್ಲ. ಅಂಗೈಯಗಲದ ಜಾಗದಲ್ಲಿ, ಕೆಲಸದ ಮಧ್ಯೆ, ತಾನಾಗಿ ಏನು ಹೊರಡುತ್ತದೆ ಎಂಬುದೇ ಮುಖ್ಯ. ಆಟ ಬೇಕಾಗುವುದು ಅದಕ್ಕೆ.

ಪದದ ಮೂಲವೂ ಮೋಸ ಮಾಡುತ್ತದೆ. ನಮ್ಮ ಮೂಡು ಪಡುಗಳು ಸೂರ್ಯನವು, ಮೂಡುವುದು ಮತ್ತು ಮುಳುಗುವುದು. ಪಕ್ಕದ ಮಲಯಾಳದ ‘ಕಿಳಕ್ಕ್’ ಮೂಲದಲ್ಲಿ ಕೀಳು, ಅಂದರೆ ತಗ್ಗು. ತಮಿಳುನಾಡಿನಲ್ಲಿ ಪಡುವಣಕ್ಕೆ ಘಟ್ಟ, ಮೂಡಣಕ್ಕೆ ಕಡಲು ಇರುವುದರಿಂದ ಮೂಡಣ ತಗ್ಗಾಯಿತು. ಅದೇ ಪದ ಘಟ್ಟ ದಾಟಿ ಈಚೆ ಬಂದಾಗ ತಗ್ಗು ಎಂಬ ಪದವೇ ಎತ್ತರದ ಕಡೆಗೆ ಕೈತೋರಿಸುವಂತಾಯಿತು. ಆಡುವವರಿಗೆ ಇದರ ನೆನಪೂ ಇಲ್ಲ, ತೊಂದರೆಯೂ ಇಲ್ಲ.

ಜಾಗ ಆರಿಸುವುದು

ನನ್ನ ಪ್ರಕಾರ ಇಡೀ ಕೆಲಸದ ಮುಕ್ಕಾಲು ಭಾಗ ಇದು. ಕರಾವಳಿಯ ತೊಂದರೆ ಏನೆಂದರೆ ಎಲ್ಲ ಆಸರೆಗಳೂ ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ. ಪಡುವಿಗೆ ಕಡಲು, ಅತ್ತಲೇ ಇಳಿಜಾರು, ಅತ್ತಲೇ ಹೊಳೆ ಹರಿಯುವುದು. ಮೂಡಿಗೆ ಘಟ್ಟ, ಅದೇ ಏರು. ಇಂಥ ಜಾಗದಲ್ಲಿ ಒಬ್ಬರು ‘ಕೆಳಗೆ’ ಎಂದರೆ ಅದು ಇಳಿಜಾರೋ, ಪಡುವೋ, ಕಡಲೋ ಹೇಳಲಾಗದು. ಎಷ್ಟು ಗಂಟೆ ದಾಖಲಿಸಿದರೂ ಅದು ಬಿಡಿಸಲಾಗದ ಗಂಟು.

ಹಾಗಾಗಿ ಇಳಿಜಾರು ಬಡಗಿಗೋ ತೆಂಕಿಗೋ ಇರುವ ಮನೆ ಹುಡುಕಿ. ಒಳನಾಡಿನಲ್ಲಿ ಇದು ಕಷ್ಟವಲ್ಲ. ಮೂಡಿನಿಂದ ಪಡುವಿಗೆ ಹರಿಯುವ ತೋಡಿನ ಎರಡು ಮಗ್ಗುಲಿನ ಗುಡ್ಡೆಗಳಲ್ಲೂ ಮನೆಗಳಿರುತ್ತವೆ. ತೋಡಿನ ತೆಂಕು ದಡದ ಮನೆಗೆ ‘ಕೆಳಗೆ’ ಬಡಗು, ಬಡಗು ದಡದ ಮನೆಗೆ ‘ಕೆಳಗೆ’ ತೆಂಕು. ಎರಡೂ ದಡಗಳಲ್ಲಿ ಒಂದೊಂದು ಮನೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಒಬ್ಬರ ‘ಕೆಳಗೆ’ ದಡ ಬದಲಾದಾಗ ತಿರುಗಿದರೆ ಅದು ಕಣ್ಣೆದುರಿನ ಇಳಿಜಾರು. ತಿರುಗದೆ ಎರಡು ಕಡೆಯೂ ಪಡುವಿಗೇ ಉಳಿದರೆ ಅದು ಘಟ್ಟ ಮತ್ತು ಕಡಲಿನ ದೊಡ್ಡ ಇಳಿಜಾರು.

ಮನೆಗೆ ಹೋದ ಮೇಲೆ ಒಂದು ನಕ್ಷೆ ಬರೆಯಿರಿ. ಅಂಗಳ, ಹಟ್ಟಿ, ಬಾವಿ ಅಥವಾ ಸುರಂಗ, ರಸ್ತೆ, ತೋಟ ಎಲ್ಲವೂ ಯಾವ ದಿಕ್ಕಿಗೆ ಎಂದು ಗುರುತಿಸಿ. ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಿಟಕಿ, ಕಾಂಕ್ರೀಟ್ ಕಂಬದ ಹತ್ತಿರ ನಂಬಬೇಡಿ. ಅಂಗಳದ ನಡುವೆ ನಿಂತು ಎರಡು ಸಲ ನೋಡಿ. ಕಾಸರಗೋಡಿನ ಕರಾವಳಿ ನೆಟ್ಟಗೆ ಬಡಗು ತೆಂಕಾಗಿಲ್ಲ, ಬಡಗು ತುದಿ ಸ್ವಲ್ಪ ಪಡುವಿಗೆ ವಾಲಿದೆ. ಊರವರು ‘ಪಡು’ ಎಂದು ಕೈತೋರಿಸಿದ್ದು ದಿಕ್ಸೂಚಿಯ ಪಡುವೋ, ಕಡಲು ಇರುವ ದಿಕ್ಕೋ ಎಂಬುದನ್ನು ಈ ವಾಲಿಕೆ ಹೇಳಿಕೊಡಬಹುದು. ಅದಕ್ಕೇ ಡಿಗ್ರಿ ಸಮೇತ ಬರೆದುಕೊಳ್ಳಿ.

ಫೋಟೊ ತಯಾರಿ

ಗೊಂಬೆ ಮನುಷ್ಯನಿಗೆ ಮುಖ, ಬೆನ್ನು ಸ್ಪಷ್ಟವಾಗಿರಬೇಕು. ಮರಕ್ಕೆ ಮುಖ ಬೆನ್ನು ಇರಬಾರದು, ಸುತ್ತಲೂ ಒಂದೇ ರೀತಿ ಕಾಣಬೇಕು. ಅಡಿಕೆ ಮರದ ಆಕಾರ ಚೆನ್ನಾಗಿ ಹೊಂದುತ್ತದೆ. ಮರಕ್ಕೆ ತನ್ನದೇ ಮುಖ ಇಲ್ಲದ ಕಾರಣ ‘ಮರದ ಎಡಕ್ಕೆ’ ಎಂದರೆ ಅದು ಹೇಳುವವರ ಎಡವೇ ಆಗಬೇಕು, ಅನುಮಾನಕ್ಕೆ ಜಾಗವಿಲ್ಲ. ಮನುಷ್ಯನ ವಿಷಯದಲ್ಲಿ ಮಾತ್ರ ಆಯ್ಕೆ ಇದೆ. ಗೊಂಬೆಯ ಯಾವ ಕೈಯಲ್ಲೂ ಏನೂ ಇರಬಾರದು. ನನ್ನ ಮೊದಲ ಗೊಂಬೆ ಕೊಡೆ ಹಿಡಿದಿತ್ತು. ಎಲ್ಲರೂ ‘ಕೊಡೆ ಇರುವ ಬದಿ’ ಎಂದೇ ಆಟ ಮುಗಿಸಿದರು.

ಒಟ್ಟು ಹನ್ನೆರಡು ಫೋಟೊ ಸಾಕು. ಮರ ಮನುಷ್ಯನ ಎಡಬದಿಗೆ ಅಥವಾ ಬಲಬದಿಗೆ, ನೋಡುವವರ ಕಣ್ಣಿನಿಂದ. ಎರಡರಲ್ಲೂ ಮನುಷ್ಯ ನಾಲ್ಕು ಕಡೆಗೆ ಮುಖ ಮಾಡುತ್ತಾನೆ: ನಮ್ಮ ಕಡೆಗೆ, ನಮಗೆ ಬೆನ್ನು ಹಾಕಿ, ಮರದ ಕಡೆಗೆ, ಮರಕ್ಕೆ ಬೆನ್ನು ಹಾಕಿ. ಹೀಗೆ ಎಂಟು. ಇನ್ನು ನಾಲ್ಕರಲ್ಲಿ ಮರ ಮನುಷ್ಯನ ಆಚೆ ಅಥವಾ ಈಚೆ, ಮನುಷ್ಯನ ಮುಖ ನಮ್ಮ ಕಡೆಗೆ ಅಥವಾ ಆಚೆಗೆ. ಈ ನಾಲ್ಕು ಇಲ್ಲದಿದ್ದರೆ ಕನ್ನಡದ ‘ಆಚೆ ಈಚೆ’ಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದು ಕಾಣುವುದೇ ಇಲ್ಲ.

ಫೋಟೊ ತೆಗೆಯುವುದು ನೆರಳಿನಲ್ಲಿ, ಒಂದೇ ಬಣ್ಣದ ಬಟ್ಟೆಯ ಮೇಲೆ. ಬಿಸಿಲಿನಲ್ಲಿ ತೆಗೆದರೆ ಗೊಂಬೆಯ ನೆರಳು ಬೀಳುತ್ತದೆ. ಒಬ್ಬ ಅಜ್ಜ ಅದನ್ನು ನೋಡಿ, “ಇದು ಬೆಳಗ್ಗೆ ತೆಗೆದದ್ದು, ಹಾಗಾಗಿ ಮೂಡು ಈ ಬದಿ” ಎಂದು ಲೆಕ್ಕ ಹಾಕಿ ಕೂತರು. ಅವರ ತರ್ಕ ಸರಿ, ನನ್ನ ಫೋಟೊ ವ್ಯರ್ಥ. ಒಂದೇ ಅಳತೆಯ ಎರಡು ಕಟ್ಟು ಮುದ್ರಿಸಿ, ಹಿಂಬದಿಯಲ್ಲಿ ಸಂಖ್ಯೆ ಹಾಕಿ.

ಕೂರಿಸುವುದು

ಇಬ್ಬರೂ ಒಂದೇ ದಿಕ್ಕಿಗೆ ಮುಖಮಾಡಿ ಪಕ್ಕಪಕ್ಕ ಕೂರಬೇಕು. ನಡುವೆ ಹಗ್ಗಕ್ಕೆ ಇಳಿಬಿಟ್ಟ ಕಂಬಳಿಯೋ ಬೆಡ್‌ಶೀಟೋ ಸಾಕು. ಎದುರುಬದುರು ಕೂರಿಸಿದರೆ ನನ್ನ ಬಲ ನಿನ್ನ ಎಡ ಎಂಬ ಜಗಳದಲ್ಲೇ ಹೊತ್ತು ಹೋಗುತ್ತದೆ. ಎಡಬಲ ಬಳಸಬೇಕೆಂದಿದ್ದವರೂ ಅದನ್ನು ಬಿಟ್ಟುಬಿಡುತ್ತಾರೆ. ಪಕ್ಕಪಕ್ಕ ಕೂತಾಗ ಎಡಬಲವೂ ಸಲೀಸು, ಮೂಡು ಪಡುವೂ ಸಲೀಸು. ಆಟ ಯಾವುದರ ಕಡೆಗೂ ವಾಲುವುದಿಲ್ಲ.

ಫೋಟೊಗಳು ನೆಲದ ಮೇಲೆ ಮಲಗಿರಬೇಕು. ಚಾಕ್‌ಪೀಸಿನಲ್ಲಿ ಚೌಕ ಬರೆದು, ಅದರೊಳಗೇ ಇಡಲು ಹೇಳಿ. ಕೈಗೆ ಎತ್ತಿಕೊಂಡರೆ ಮೈ ತಿರುಗುತ್ತದೆ, ಫೋಟೊ ತಿರುಗುತ್ತದೆ, ಆಮೇಲೆ ವೀಡಿಯೊ ನೋಡುತ್ತ ಯಾವುದು ಯಾವ ಕಡೆ ಇತ್ತು ಎಂದು ತಲೆ ಚಚ್ಚಿಕೊಳ್ಳಬೇಕು.

ಈಗ ತಿರುಗಿಸುವ ಮಾತು. ಇಂಥ ಪ್ರಯೋಗಗಳಲ್ಲಿ 180 ಡಿಗ್ರಿ ತಿರುಗಿಸುವುದು ರೂಢಿ. ಅದು ಎಡಬಲವನ್ನೂ ದಿಕ್ಕನ್ನೂ ಚೆನ್ನಾಗಿ ಬೇರ್ಪಡಿಸುತ್ತದೆ. ಆದರೆ ನಮ್ಮ ಗಂಟು ಬೇರೆ. ಗುಡ್ಡೆಯ ‘ಮೇಲೆ’, ಘಟ್ಟದ ‘ಮೇಲೆ’, ಫೋಟೊದ ಆಚೆ ತುದಿಯ ‘ಮೇಲೆ’, ಮೂರನ್ನೂ ಬಿಡಿಸಬೇಕು. ಅದಕ್ಕೆ ನಾನು 90 ಡಿಗ್ರಿ ತಿರುಗಿಸುತ್ತೇನೆ: ಮೊದಲ ಸುತ್ತು ಮೂಡು ಮುಖ, ಅರ್ಧ ಗಂಟೆ ಚಹಾ ಬಿಡುವು, ಎರಡನೆಯ ಸುತ್ತು ಬಡಗು ಮುಖ. ಅದೇ ಫೋಟೊಗಳು, ಕ್ರಮ ಮಾತ್ರ ಕಲಸಿದ್ದು.

ಬಾಯಾರಿನ ಆ ಮನೆಯನ್ನೇ ತೆಗೆದುಕೊಳ್ಳಿ. ಫೋಟೊದಲ್ಲಿ ಮನುಷ್ಯ ನಮ್ಮನ್ನು ನೋಡುತ್ತಿದ್ದಾನೆ, ಮರ ಬಲಬದಿಯಲ್ಲಿದೆ. ಮೂಡು ಮುಖವಾಗಿ ಕೂತಾಗ ದಿಕ್ಕು ಹಿಡಿಯುವವರು, “ಮನುಷ್ಯನ ಮೋರೆ ಪಡುವಿಗೆ, ಮರ ತೆಂಕಿಗೆ” ಎನ್ನಬೇಕು. ಬಡಗು ಮುಖವಾದಾಗ ಅವರೇ ಅದೇ ಫೋಟೊಕ್ಕೆ, “ಮೋರೆ ತೆಂಕಿಗೆ, ಮರ ಮೂಡಿಗೆ” ಎನ್ನುತ್ತಾರೆ. ಎಡಬಲ ಹಿಡಿಯುವವರಿಗೆ ಎರಡು ಸಲವೂ “ಮರ ಬಲಗಡೆ”. ಮನುಷ್ಯನ ಮೈ ಹಿಡಿಯುವವರಿಗೆ ಎರಡು ಸಲವೂ “ಅವನ ಎಡಗೈ ಹತ್ತಿರ”. ಇನ್ನು ‘ಮೇಲೆ’ ಎನ್ನುವವರ ಮಾತು. ಮೂಡು ಮುಖವಾದಾಗ ಈ ಫೋಟೊದ ಮರ ಗುಡ್ಡೆಯ ಕಡೆಗಿದೆ, ಬಡಗು ಮುಖವಾದಾಗ ಘಟ್ಟದ ಕಡೆಗಿದೆ. ಮೊದಲ ಸುತ್ತಿನಲ್ಲಿ ‘ಮರ ಮೇಲೆ’ ಎಂದವರು ಎರಡನೆಯದರಲ್ಲಿ ಅದನ್ನು ಬಿಟ್ಟರೆ ಅವರದು ಗುಡ್ಡೆಯ ‘ಮೇಲೆ’. ಮೊದಲ ಸುತ್ತಿನಲ್ಲಿ ಹೇಳದೆ ಎರಡನೆಯದರಲ್ಲಿ ಹೇಳಿದರೆ ಘಟ್ಟದ್ದು. ಫೋಟೊದ ಆಚೆ ತುದಿಯನ್ನು ಮೇಲೆ ಎನ್ನುವವರು ಈ ಫೋಟೊಕ್ಕೆ ಎರಡೂ ಸಲ ಹೇಳುವುದಿಲ್ಲ, ಅದು ಆಚೆ ಈಚೆಯ ನಾಲ್ಕು ಫೋಟೊಗಳಲ್ಲಿ ಹೊರಬರುತ್ತದೆ.

ನಾದಿನಿ ಎರಡನೆಯ ಸುತ್ತಿನಲ್ಲಿ ಏನಂದರು? “ಮರ ಮೂಡಿಗೆ.” ಮೇಲೂ ಇಲ್ಲ, ಕೆಳಗೂ ಇಲ್ಲ. ಆ ಸುತ್ತಿನಲ್ಲಿ ‘ಮೇಲೆ’ ಬಂದದ್ದು ಮರ ಮನುಷ್ಯನ ಈಚೆ, ಅವರ ಮೊಣಕಾಲಿನ ಕಡೆ ಇದ್ದ ಫೋಟೊಕ್ಕೆ. ಬಡಗು ಮುಖವಾಗಿ ಕೂತಾಗ ಗುಡ್ಡೆ ಬೆನ್ನ ಹಿಂದೆ, ಹಾಗಾಗಿ ಫೋಟೊದ ಕೆಳತುದಿಯೇ ‘ಮೇಲೆ’. ಒಂದೇ ಒಂದು ಉತ್ತರದಲ್ಲಿ ಇಷ್ಟು ಬಿಡಿಸಿ ತೋರಿಸಿದ ಫೋಟೊ ಬೇರೆ ಇಲ್ಲ.

ಹೇಳಿಕೊಡುವ ಮಾತು

ಆಟ ವಿವರಿಸುವಾಗ ನಿಮ್ಮ ಬಾಯಿಂದ ಎಡ, ಬಲ, ಮೂಡು, ಮೇಲೆ, ಆಚೆ ಯಾವುದೂ ಬರಬಾರದು. ನಾನು ಹೇಳುವುದು ಇಷ್ಟು: “ಅಕ್ಕ, ನಿಮ್ಮ ಫೋಟೊ ಹೇಗುಂಟು ಅಂತ ಅವರಿಗೆ ಹೇಳಿ. ಅವರು ತಮ್ಮ ಕಟ್ಟಿನಲ್ಲಿ ಅದನ್ನೇ ಹುಡುಕಬೇಕು. ಎಷ್ಟು ಬೇಕಾದರೂ ಮಾತಾಡಿ, ಕೇಳಿ. ಇಣುಕಿ ನೋಡುವುದು ಬೇಡ.” ಅಷ್ಟೇ ಹೇಳಿ ಹಿಂದೆ ಸರಿಯಿರಿ.

ನೀವು ಕೇಳುಗರಾಗಬೇಡಿ. ಪೇಟೆಯಿಂದ ಬಂದವರಿಗೆ ಹೇಳುವಾಗ ಜನ ಎಡಬಲಕ್ಕೋ ಪೂರ್ವ ಪಶ್ಚಿಮಕ್ಕೋ ಹೊರಳುತ್ತಾರೆ. ‘ನಿಮಗೆ ಗೊತ್ತಾಗಲಿ’ ಎಂಬ ಉಪಕಾರ ಬುದ್ಧಿ ಅದು. ದಿನವೂ ಜೊತೆಗೆ ಕೆಲಸ ಮಾಡುವ ಇಬ್ಬರನ್ನು ಕೂರಿಸಿ. ಇನ್ನೊಂದು ಎಚ್ಚರ, ಭಾಷೆಯದು. ಇಲ್ಲಿ ಒಬ್ಬರ ಬಾಯಲ್ಲೇ ಹವ್ಯಕ, ತುಳು, ಮಲಯಾಳ ಇರುತ್ತವೆ. ನೀವು ಪುಸ್ತಕದ ಕನ್ನಡದಲ್ಲಿ ವಿವರಿಸಿದರೆ ಉತ್ತರದಲ್ಲೂ ಪುಸ್ತಕದ ‘ಉತ್ತರ ದಕ್ಷಿಣ’ ಬರುತ್ತದೆ. ಆ ಮನೆಯಲ್ಲಿ ಆಡುವ ಮಾತಿನಲ್ಲೇ ವಿವರಿಸಿ. ಅದು ನಿಮಗೆ ಬಾರದಿದ್ದರೆ ಆ ಮನೆಯವರೊಬ್ಬರಿಂದ ಹೇಳಿಸಿ.

ಬರೆದಿಡುವಾಗ

ಒಂದೊಂದು ಫೋಟೊಕ್ಕೂ ಒಂದು ಸಾಲು: ಫೋಟೊ ಸಂಖ್ಯೆ, ಮುಖ ಯಾವ ಕಡೆ, ಆಡಿದ ಮಾತು ಹಾಗೇ, ಎತ್ತಿದ ಫೋಟೊ. ಯಾವ ಕ್ರಮ ಎಂಬ ಹಣೆಪಟ್ಟಿಯನ್ನು ಆಗಲೇ ಹಚ್ಚಬೇಡಿ. ಎರಡೂ ಸುತ್ತು ಮುಗಿದ ಮೇಲೆ, ಅದೇ ಫೋಟೊದ ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟು ಹಚ್ಚಿ. ನನ್ನ ‘ತಪ್ಪು’ ಎಂಬ ಗುರುತು ಹುಟ್ಟಿದ್ದು ಈ ಆತುರದಿಂದಲೇ.

ತಪ್ಪಾಗಿ ಎತ್ತಿದ ಫೋಟೊಗಳನ್ನು ಎಸೆಯಬೇಡಿ. ಮನುಷ್ಯ ನಮ್ಮ ಕಡೆ ನೋಡುವ ಫೋಟೊಗಳಲ್ಲಿ ಮಾತ್ರ ಎಡಬಲ ಅದಲುಬದಲಾಗಿದ್ದರೆ, ಒಬ್ಬರು ತಮ್ಮ ಬಲ ಹೇಳಿದ್ದಾರೆ, ಇನ್ನೊಬ್ಬರು ಗೊಂಬೆಯ ಬಲ ಎಂದುಕೊಂಡಿದ್ದಾರೆ. ಬೆನ್ನು ಹಾಕಿದ ಫೋಟೊಗಳಲ್ಲಿ ಇಂಥ ಗೊಂದಲ ಆಗುವುದಿಲ್ಲ, ಅಲ್ಲಿ ಇಬ್ಬರ ಬಲವೂ ಒಂದೇ ಕಡೆ.

‘ಹಟ್ಟಿ ಕಡೆ’, ‘ತೋಟದ ಕಡೆ’ ಎಂಬಂಥವನ್ನು ದಿಕ್ಕಿನ ಲೆಕ್ಕಕ್ಕೆ ಸೇರಿಸಬೇಡಿ. ಹಟ್ಟಿಯ ಆಚೆ ಬದಿಗೆ ಹೋಗಿ ಆಡಿದರೆ ಅದು ತಿರುಗುತ್ತದೆ. ಅದು ಗುರುತು, ದಿಕ್ಕಲ್ಲ. ಹೆದ್ದಾರಿಯ ಹತ್ತಿರದ ಊರುಗಳಲ್ಲಿ ‘ಮಂಗಳೂರು ಕಡೆ’, ‘ಕಾಸರಗೋಡು ಕಡೆ’ ಎಂಬುದು ಬಡಗು ತೆಂಕಿನ ಬದಲಿಗೆ ಓಡಾಡುತ್ತದೆ. ಕಾಸರಗೋಡು ಪೇಟೆ ದಾಟಿ ತೆಂಕಿಗೆ ಹೋಗಿ ಕೇಳಿದರೆ ಅದರ ನಿಜ ಬಣ್ಣ ತಿಳಿದೀತು. ನಾನು ಇವಕ್ಕೆಲ್ಲ ಬೇರೆಯೇ ಕಂಬಸಾಲು ಇಟ್ಟಿದ್ದೇನೆ. ಮೂಡು ಪಡುಗಳನ್ನೂ ಪೂರ್ವ ಪಶ್ಚಿಮಗಳನ್ನೂ ಸಹ ಬೇರೆ ಬೇರೆ ಬರೆಯುತ್ತೇನೆ. ಎರಡೂ ನಿರಪೇಕ್ಷವೇ, ಆದರೆ ಒಂದು ಅಂಗಳದಲ್ಲಿ ಕಲಿತದ್ದು, ಇನ್ನೊಂದು ಬಹುಪಾಲು ಶಾಲೆಯಲ್ಲಿ.

ಕೊನೆಗೆ, ಬಾಗಿಲು ಮುಚ್ಚಿದ ಒಳಕೋಣೆಯಲ್ಲಿ ನಿಲ್ಲಿಸಿ, ಕಾಣದ ನಾಲ್ಕೈದು ಜಾಗಗಳಿಗೆ ಕೈತೋರಿಸಲು ಹೇಳಿ: ಪಕ್ಕದ ಪೇಟೆ, ದೇವಸ್ಥಾನ, ಕಡಲು, ಮಂಗಳೂರು. ಕೈಯ ಗೆರೆಯನ್ನು ನೆಲದ ಮೇಲೆ ಎಳೆದು ಡಿಗ್ರಿ ಅಳೆಯಿರಿ, ನಕ್ಷೆಯೊಂದಿಗೆ ಹೋಲಿಸಿ. ಮೂಡು ಪಡು ಎಂದು ಸರಾಗ ಆಡಿದವರ ಕೈ ಇಲ್ಲೂ ಸರಾಗವಾಗಿ ಸರಿಯಾದ ಕಡೆಗೆ ಹೋದರೆ, ಆ ದಿಕ್ಕು ಎದುರಿನ ಗುಡ್ಡೆ ನೋಡಿ ಹೇಳಿದ್ದಲ್ಲ, ತಲೆಯೊಳಗೇ ಇದೆ ಎಂದಾಯಿತು.

ಇದರಿಂದ ‘ಇವರು ಯೋಚಿಸುವುದೂ ಹೀಗೆಯೇ’ ಎಂಬಲ್ಲಿಗೆ ಹಾರಬೇಡಿ. ಅದಕ್ಕೆ ಬೇರೆ ಪರೀಕ್ಷೆ ಇದೆ. ಸಾಲಾಗಿಟ್ಟ ಪ್ರಾಣಿಗೊಂಬೆಗಳನ್ನು ನೆನಪಿಟ್ಟು, 180 ಡಿಗ್ರಿ ತಿರುಗಿ, ಇನ್ನೊಂದು ಮೇಜಿನಲ್ಲಿ ‘ಅದೇ ಥರ’ ಜೋಡಿಸುವುದು. ಪೆಡರ್ಸನ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಭಾಷೆಯ ಒಲವೂ ಈ ಜೋಡಣೆಯ ಒಲವೂ ಜೊತೆಯಾಗಿ ಸಾಗುವುದನ್ನು ತೋರಿಸಿದರು. 2002ರಲ್ಲಿ ಪೆಗಿ ಲಿ ಮತ್ತು ಲೈಲಾ ಗ್ಲೈಟ್‌ಮನ್ ತಕರಾರು ಎತ್ತಿದರು: ಸುತ್ತಲಿನ ಗುರುತುಗಳನ್ನು ಬದಲಿಸಿದರೆ ಎಡಬಲ ಆಡುವವರ ಜೋಡಣೆಯೂ ಬದಲಾಗುತ್ತದೆ, ಅಲ್ಲದೆ ‘ಅದೇ ಥರ’ ಎಂಬ ಮಾತಿಗೇ ಎರಡು ಅರ್ಥ ಇದೆ ಎಂದು. ನಮ್ಮ ಜಗಲಿಯಲ್ಲಿ ಆ ಪರೀಕ್ಷೆ ಮಾಡುವುದಾದರೆ ಒಂದು ಸಲ ಗುಡ್ಡೆ ಕಾಣುವಂತೆ, ಇನ್ನೊಂದು ಸಲ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡಿ, ಎರಡನ್ನೂ ಬೇರೆ ಬೇರೆ ಬರೆದಿಡಿ.